ಹತ್ತೂವರೆ ಲಕ್ಷ ಎಲ್ಲಿಂದ ಬಂತು?

ನಾನು ವಿಮಾ ಕಂಪನಿಯಲ್ಲಿ ಹೊಣೆಗಾರಿಕೆ ಕ್ಲೇಮುಗಳನ್ನು ನೋಡುತ್ತೇನೆ. ನಮ್ಮ ಪಾಲಿಸಿದಾರರ ಜಾಗದಲ್ಲಿ ಯಾರಿಗೋ ಪೆಟ್ಟಾಗಿ, ಅವರು ಪರಿಹಾರ ಕೇಳಿದರೆ ಆ ಫೈಲು ನನ್ನ ಮೇಜಿಗೆ ಬರುತ್ತದೆ. ಈ ಸಲ ಬಂದಿದ್ದು, ಕಟ್ಟಡವೊಂದರ ಒದ್ದೆ ನೆಲದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮಹಿಳೆಯದು. ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದರು. ‘ನೆಲ ಒದ್ದೆಯಿದೆ’ ಅನ್ನೋ ಫಲಕ ಇಟ್ಟಿದ್ದೆವು ಎಂದು ಪಾಲಿಸಿದಾರರು, ಇರಲೇ ಇಲ್ಲ ಎಂದು ಆಕೆ.

ಮೊದಲ ಮೆಮೊ ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದ್ದೆ. ಪೂರ್ತಿ ನಷ್ಟ 14 ಲಕ್ಷ, ಹೊಣೆ ವಿವಾದದಲ್ಲಿದೆ, ಆದ್ದರಿಂದ ಅರ್ಧ, ರಿಸರ್ವ್ 7 ಲಕ್ಷ. ಸಂಜೆಯೊಳಗೆ ಮ್ಯಾನೇಜರ್ ವಾಪಸ್ ಕಳಿಸಿದರು.

“ಏಳೇ ಯಾಕೆ? ಆರು ಯಾಕಲ್ಲ, ಒಂಬತ್ತು ಯಾಕಲ್ಲ?”

“ಹೊಣೆ ಯಾರದು ಅಂತ ಇನ್ನೂ ಗೊತ್ತಿಲ್ಲ ಮೇಡಂ.”

“ಅದು ಗೊತ್ತಿಲ್ಲದಿದ್ದರೆ ಅರ್ಧ ಅಂತ ಹೇಗೆ ಗೊತ್ತಾಯಿತು?”

ಉತ್ತರ ಇರಲಿಲ್ಲ. ರಿಸರ್ವ್ ಅಂದರೆ ಈ ಕ್ಲೇಮ್ ಕೊನೆಗೆ ಎಷ್ಟಕ್ಕೆ ಮುಗಿಯಬಹುದು ಎಂದು ಇವತ್ತು ಗೊತ್ತಿರುವುದರ ಮೇಲೆ ಅಂದಾಜು ಮಾಡಿ ಪುಸ್ತಕದಲ್ಲಿ ಎತ್ತಿಡುವ ಹಣ. ಅದು ಆಕೆಗೆ ಕೊಡುವ ಆಫರ್ ಅಲ್ಲ, ನಮ್ಮದೇ ತಪ್ಪು ಅನ್ನೋ ಒಪ್ಪಿಗೆಯೂ ಅಲ್ಲ. ಕಡಿಮೆ ಇಟ್ಟು ಆಮೇಲೆ ಎರಡು, ಮೂರು ಸಲ ಏರಿಸುತ್ತಾ ಹೋದರೆ ಪ್ರತಿ ಸಲವೂ ಹಿಂದಿನ ಲೆಕ್ಕ ಸುಳ್ಳಾಗುತ್ತದೆ. ಸುಮ್ನೆ ಜಾಸ್ತಿ ಇಟ್ಟರೆ ಹಣ ಅಲ್ಲೇ ಕೂರುತ್ತದೆ.

ಹಾಗಾಗಿ ಫೈಲು ಮತ್ತೆ ಬಿಚ್ಚಿದೆ. ಪಾಲಿಸಿದಾರರು ಕಳಿಸಿದ ಫೋಟೊದಲ್ಲಿ ಫಲಕ ಚೆನ್ನಾಗಿಯೇ ಕಾಣುತ್ತಿತ್ತು. ಮೊದಲ ಮೆಮೊ ಬರೆಯುವಾಗ ನಾನು ಅದನ್ನೇ ನಂಬಿದ್ದು. ಈ ಸಲ ಫೋಟೊದ ಮೂಲ ಫೈಲು ಕೇಳಿ ತರಿಸಿ, ಅದನ್ನು ತೆಗೆದ ಸಮಯವನ್ನು ಕ್ಯಾಮೆರಾ ದೃಶ್ಯದ ಜೊತೆ ಹೊಂದಿಸಿ ನೋಡಿದರೆ, ಆಕೆ ಬಿದ್ದು 40 ನಿಮಿಷ ಆದ ಮೇಲೆ ತೆಗೆದಿದ್ದು! (ಕ್ಯಾಮೆರಾದ ಗಡಿಯಾರ ಸರಿ ಇದೆಯಾ ಅಂತಲೂ ನೋಡಿದೆ, ಎಷ್ಟೋ ಕಡೆ ಅದು ತಪ್ಪೇ ಇರುತ್ತದೆ.) ಬಿದ್ದ ಜಾಗದಲ್ಲಿ ದೃಶ್ಯ ಮಸುಕು, ಫಲಕ ಇತ್ತೋ ಇಲ್ಲವೋ ಹೇಳಲಾಗದು. ಆದರೆ ಆಕೆ ಫೋನ್ ನೋಡುತ್ತಾ ನಡೆಯುತ್ತಿದ್ದದ್ದು ಸ್ಪಷ್ಟ.

ಎರಡನೇ ಮೆಮೊದಲ್ಲಿ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದಕ್ಕೆ ಆಧಾರವಾದ ಊಹೆ ಬರೆದೆ. ಚಿಕಿತ್ಸೆಗೆ 4 ಲಕ್ಷ, ಬಿಲ್ಲುಗಳಿವೆ. ಕೆಲಸ ತಪ್ಪಿ ಹೋದ ಸಂಬಳ 3 ಲಕ್ಷ, ಉದ್ಯೋಗದಾತರ ಪತ್ರ ಇದೆ, ಇನ್ನು ಮುಂದೆ ಗಳಿಕೆ ನಷ್ಟ ಇಲ್ಲ ಎಂದು ಊಹೆ. ನೋವಿಗೆ 6 ಲಕ್ಷ, ಇದು ಇಂಥದೇ ಹಳೆಯ ಫೈಲುಗಳು ಮುಗಿದ ಮೊತ್ತ ನೋಡಿ ಹಾಕಿದ್ದು, ಇರುವುದರಲ್ಲಿ ಆಧಾರ ಕಡಿಮೆ ಇರುವ ಸಂಖ್ಯೆ ಇದೇ ಅಂತಲೂ ಬರೆದೆ. ಪ್ಲೇಟ್ ತೆಗೆಯಲು ಇನ್ನೊಂದು ಆಪರೇಷನ್ ಬೇಕಾದರೆ 2 ಲಕ್ಷ. ಬೇಕೋ ಬೇಡವೋ ಡಾಕ್ಟರು ಹೇಳಿಲ್ಲ, ಅರ್ಧ ಸಾಧ್ಯತೆ ಹಿಡಿದು 1 ಲಕ್ಷ. ಒಟ್ಟು 14.

ಫೋನ್ ನೋಡಿದ್ದಕ್ಕೆ ಆಕೆಯ ಪಾಲಿನ ತಪ್ಪು ಶೇ. 25 ಎಂದು ಹಿಡಿದೆ. ತಪ್ಪಿನ ಪಾಲಿನಷ್ಟು ಪರಿಹಾರ ಕಡಿತವಾಗುವ ಕಾನೂನು ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಗಾಯಾಳುವಿನ ತಪ್ಪು ಅರ್ಧ ದಾಟಿದರೆ ಏನೂ ಸಿಗದ ಕಡೆಗಳೂ ಇವೆ, ಅದನ್ನೂ ಮೆಮೊದಲ್ಲೇ ಹೇಳಬೇಕು. 14ರಲ್ಲಿ ಕಾಲು ಭಾಗ ಕಳೆದರೆ ಹತ್ತೂವರೆ.

ಇಲ್ಲಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ನಾವು ಪೂರ್ತಿ ಗೆಲ್ಲುವ ಸಾಧ್ಯತೆ ಶೇ. 20 ಅಂತ ಇನ್ನೊಂದು ಕಡಿತ ಹಾಕಿದರೆ 8.4 ಲಕ್ಷಕ್ಕೆ ಇಳಿಯುತ್ತದೆ, ಆಸೆ ಆಗುತ್ತೆ ಅಲ್ವಾ? ಆದರೆ ಆ ಗೆಲುವು ನಿಂತಿದ್ದೇ ಫಲಕದ ಫೋಟೊ ಮೇಲೆ, ಅದಂತೂ ತಡವಾಗಿ ತೆಗೆದಿದ್ದು. ಕಡಿತ ಕೈಬಿಟ್ಟೆ, ಯಾಕೆ ಬಿಟ್ಟೆ ಅಂತಲೂ ಬರೆದೆ. ನೆಲ ಒರೆಸುವ ಗುತ್ತಿಗೆದಾರರಿಂದ ಒಂದು ಪಾಲು ವಸೂಲಾಗಬಹುದು, ಆದರೆ ಅವರ ವಿಮೆಯವರು ಇನ್ನೂ ಒಪ್ಪಿಲ್ಲ. ಬಾರದ ಹಣವನ್ನು ಕಳೆಯಲಿಲ್ಲ. ವಕೀಲರು, ತಜ್ಞ ಡಾಕ್ಟರ ಖರ್ಚು 2.5 ಲಕ್ಷ ಬೇರೆ ಸಾಲಿನಲ್ಲಿ.

ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು, “ಇಪ್ಪತ್ತೈದು ಯಾಕೆ, ನಲವತ್ತು ಯಾಕಲ್ಲ?” ಒದ್ದೆ ಮಾಡಿದ್ದು ಕಟ್ಟಡದವರು, ಎಚ್ಚರಿಕೆ ಕೊಟ್ಟದ್ದಕ್ಕೆ ನಮ್ಮ ಹತ್ತಿರ ಸಾಕ್ಷಿ ಇಲ್ಲ, ಹಾಗಿರುವಾಗ ಆಕೆಯ ಪಾಲು ಅಷ್ಟು ದೊಡ್ಡದಾಗಲಾರದು ಅಂದೆ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಸಹಿ ಮಾತ್ರ ಹಾಕಿದರು.

ಎರಡು ತಿಂಗಳ ಮೇಲೆ ಡಾಕ್ಟರ ವರದಿ ಬಂತು, ಪ್ಲೇಟ್ ತೆಗೆಯಲೇಬೇಕಂತೆ. ಮೆಮೊದಲ್ಲಿ ಬದಲಾಗಿದ್ದು ಒಂದೇ ಸಾಲು. 1 ಲಕ್ಷ ಇದ್ದದ್ದು 2 ಆಯಿತು, ಒಟ್ಟು 15, ಕಾಲು ಭಾಗ ಕಳೆದು 11.25. ಹತ್ತು ನಿಮಿಷದ ಕೆಲಸ. ಈ ಸಲ ಯಾಕೆ ಅಂತ ಮೇಡಂ ಕೇಳಲಿಲ್ಲ.