ಐದು ಭಾಷೆ ಬರುತ್ತೆ ಅಂತ ಬರೆದ ಅರ್ಜಿಯನ್ನು ನಾನು ಈಗ ಹೇಗೆ ಓದುತ್ತೇನೆ

ಮೆಜೆಸ್ಟಿಕ್ ಹತ್ತಿರದ ಒಂದು ಮಧ್ಯಮ ದರ್ಜೆಯ ಹೋಟೆಲಿನಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತೇನೆ. ರಿಸೆಪ್ಷನ್ ಕೆಲಸಕ್ಕೆ ಬರುವ ಅರ್ಜಿಗಳನ್ನು ಮೊದಲು ಓದುವುದು ನಾನೇ. ಹೆಚ್ಚಿನವು ಇಂಗ್ಲಿಷಿನಲ್ಲಿರುತ್ತವೆ, ಹೆಚ್ಚಿನವುಗಳಲ್ಲಿ ಎರಡು ಮಾತು ಇದ್ದೇ ಇರುತ್ತವೆ: ನಾನು ಎಲ್ಲರ ಜೊತೆ ವಿನಯವಾಗಿ ನಡೆದುಕೊಳ್ಳುತ್ತೇನೆ, ನನಗೆ ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಬರುತ್ತದೆ.

ಮೊದಮೊದಲು ಈ ಎರಡು ಮಾತನ್ನೂ ನಂಬಿ ಇಂಟರ್‌ವ್ಯೂಗೆ ಕರೆಯುತ್ತಿದ್ದೆ. ಒಬ್ಬ ಹುಡುಗನನ್ನು ಹಾಗೇ ತೆಗೆದುಕೊಂಡೆ. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು. ತಮಿಳನ್ನು ಕ್ರಿಕೆಟ್ ಆಡುವ ಗೆಳೆಯರಿಂದ ಕಲಿತಿದ್ದ. ಒಂದು ದಿನ ಬೆಳಗಿನ ಜಾವ ಸೇಲಂನಿಂದ ಬಸ್ಸಿನಲ್ಲಿ ಬಂದ ಹಿರಿಯರೊಬ್ಬರು ಕೌಂಟರ್ ಮುಂದೆ ನಿಂತರು. ಇವನು ಫೋನಿನಲ್ಲಿದ್ದ. ನಗುನಗುತ್ತಲೇ ಅವರಿಗೆ 'ಕೊಂಜಂ ಇರು' ಅಂದ. ಅಂದರೆ 'ಸ್ವಲ್ಪ ಇರು'. 'ಇರುಂಗ' ಅನ್ನಬೇಕಿತ್ತು. ಆ ಹಿರಿಯರ ಮುಖ ಚಿಕ್ಕದಾಯಿತು. ರೂಮ್ ತೆಗೆದುಕೊಂಡರು, ಆದರೆ ಹೊರಡುವಾಗ ನನ್ನ ಹತ್ತಿರ ಬಂದು, ನನ್ನ ಮೊಮ್ಮಗನ ವಯಸ್ಸಿನವನು ಹೀಗೆ ಮಾತಾಡಿದನಲ್ಲ ಅಂದರು. ಹುಡುಗನಿಗೆ ಏನು ತಪ್ಪಾಯಿತು ಅಂತಲೇ ಗೊತ್ತಿರಲಿಲ್ಲ. ಅವನಿಗೆ ಬರುತ್ತಿದ್ದ ತಮಿಳಿನಲ್ಲಿ 'ಇರುಂಗ' ಅನ್ನುವ ಮಾತೇ ಇರಲಿಲ್ಲ. ಗೆಳೆಯರ ಗುಂಪಿನಲ್ಲಿ ಯಾರು ಯಾರಿಗೆ ಬಹುವಚನ ಬಳಸುತ್ತಾರೆ ಹೇಳಿ?

ಅವತ್ತು ನನಗೆ ಹೊಳೆದದ್ದು ಇಷ್ಟು. ವಿನಯ ಬೇರೆ, ಭಾಷೆ ಬೇರೆ ಅಂತ ನಾನು ಎರಡು ಸಾಲಾಗಿ ಓದುತ್ತಿದ್ದೆ. ನಮ್ಮ ಕೌಂಟರಿನಲ್ಲಿ ಅವೆರಡೂ ಒಂದೇ. ಕನ್ನಡದಲ್ಲಿ ಎಷ್ಟೇ ವಿನಯವಂತನಾಗಿದ್ದರೂ, ತಮಿಳಿನ 'ಇರುಂಗ', ತೆಲುಗಿನ 'ಅಂಡಿ', ಹಿಂದಿಯ 'ಆಪ್' ನಾಲಿಗೆಗೆ ಬರದಿದ್ದರೆ ಆ ವಿನಯ ಅತಿಥಿಯನ್ನು ತಲುಪುವುದಿಲ್ಲ.

ಇನ್ನೊಂದು ಪೆಟ್ಟು ಬಿದ್ದದ್ದು ಹಿಂದಿಯಲ್ಲಿ. ಬೆಳಿಗ್ಗೆ ವಿಮಾನ ಹಿಡಿಯಬೇಕಿದ್ದ ಅತಿಥಿಯೊಬ್ಬರು ರಾತ್ರಿ ಕೌಂಟರಿಗೆ ಫೋನ್ ಮಾಡಿ 'ಪೌನೇ ಪಾಂಚ್ ಬಜೇ' ಎಬ್ಬಿಸಿ ಅಂದರು. ನಾಲ್ಕೂ ಮುಕ್ಕಾಲಿಗೆ. ನಮ್ಮವರ ಕಿವಿಗೆ ಬಿದ್ದದ್ದು 'ಪಾಂಚ್' ಮಾತ್ರ. ರಿಜಿಸ್ಟರಿನಲ್ಲಿ 5 ಅಂತ ಬರೆದರು. ಹದಿನೈದು ನಿಮಿಷ ಏನು ಮಹಾ ಅನ್ನಿಸಬಹುದು. ಆದರೆ ಟ್ಯಾಕ್ಸಿಯನ್ನು ಐದು ಗಂಟೆಗೇ ಹೇಳಿಟ್ಟಿದ್ದರು, ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರ್. ಅವರು ಸ್ನಾನವನ್ನೂ ಮಾಡದೆ ಓಡಿದರು. ಹಿಂದಿಯಲ್ಲಿ ಗಂಟೆ ಮತ್ತು ದುಡ್ಡಿನ ಲೆಕ್ಕ ನಮ್ಮವರಿಗೆ ಕಷ್ಟ. 'ಡೇಢ್' ಅಂದರೆ ಒಂದೂವರೆ, 'ಢಾಯಿ' ಅಂದರೆ ಎರಡೂವರೆ. 'ಉನಸಠ್' ಐವತ್ತೊಂಬತ್ತು, ಆದರೆ ಕೇಳುವಾಗ ಅರವತ್ತರ ಹತ್ತಿರ ಕೇಳಿಸುತ್ತದೆ. ಸಿನಿಮಾ ನೋಡಿ ಕಲಿತ ಹಿಂದಿ ಇಲ್ಲಿ ಕೈಕೊಡುತ್ತದೆ.

ಇದಾದ ಮೇಲೆ ಒಂದು ಅರ್ಜಿ ಬಂತು. ಕೋಲಾರದ ಕಡೆಯ ಹುಡುಗಿ. ಹೋಟೆಲಿನಲ್ಲಿ ಕೆಲಸ ಮಾಡಿದವಳಲ್ಲ, ರಕ್ತ ಪರೀಕ್ಷೆಯ ಲ್ಯಾಬ್ ಒಂದರಲ್ಲಿ ಎರಡು ವರ್ಷ ರಿಸೆಪ್ಷನ್ ನೋಡಿದ್ದಳು. ಪತ್ರ ಮುಕ್ಕಾಲು ಪುಟ. ವಿನಯ ಅನ್ನುವ ಪದವೇ ಅದರಲ್ಲಿರಲಿಲ್ಲ.

ಭಾಷೆಯ ಬಗ್ಗೆ ಅವಳು ಬರೆದದ್ದರ ಸಾರ ಇದು. ತೆಲುಗು ಮನೆ ಮಾತು, ಹಿರಿಯರ ಜೊತೆ, ಸಿಟ್ಟಾದವರ ಜೊತೆಯೂ ಮಾತಾಡಬಲ್ಲೆ. ತಮಿಳು ಅಕ್ಕಪಕ್ಕದ ಮನೆಯವರಿಂದ ಬಂದದ್ದು, ಮರ್ಯಾದೆ ಕೊಟ್ಟು ಮಾತಾಡುತ್ತೇನೆ, ಓದಲು ಬರುವುದಿಲ್ಲ. ಹಿಂದಿಯಲ್ಲಿ ದಾರಿ, ಬಿಲ್ಲು, ಸಮಯ ಹೇಳಬಲ್ಲೆ, ಸಂಖ್ಯೆಯನ್ನು ಇನ್ನೊಮ್ಮೆ ಕೇಳಿ ಬರೆದುಕೊಳ್ಳುತ್ತೇನೆ, ಜಗಳ ಬಂದರೆ ಚೆನ್ನಾಗಿ ಹಿಂದಿ ಬರುವವರನ್ನು ಕರೆಯುತ್ತೇನೆ.

'ಸಂಖ್ಯೆಯನ್ನು ಇನ್ನೊಮ್ಮೆ ಕೇಳಿ' ಅನ್ನುವ ಕಡೆ ನಾನು ಪೆನ್ನಿನಿಂದ ಗೆರೆ ಎಳೆದೆ. ತನ್ನ ಹಿಂದಿ ಎಲ್ಲಿಗೆ ನಿಲ್ಲುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅದನ್ನು ಬರೆದರೆ ಕೆಲಸ ತಪ್ಪಬಹುದು ಅಂತ ಎಷ್ಟೋ ಜನ ಹೆದರುತ್ತಾರೆ. ನನಗೆ ಅದೇ ಬೇಕಿತ್ತು. ಯಾವ ಶಿಫ್ಟಿಗೆ ಯಾರ ಜೊತೆ ಹಾಕಬೇಕು ಅಂತ ಪತ್ರ ಓದುವಾಗಲೇ ತಿಳಿಯುತ್ತದಲ್ವಾ?

ಆಮೇಲೆ ಒಂದು ಘಟನೆ ಬರೆದಿದ್ದಳು. ಒಬ್ಬ ಅಜ್ಜಿ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಬರಿಹೊಟ್ಟೆಯ ಶುಗರ್ ಟೆಸ್ಟ್ ಆಗಬೇಕು, ಆದರೆ ಬಸ್ ಸ್ಟ್ಯಾಂಡಿನಲ್ಲಿ ಸಕ್ಕರೆ ಹಾಕಿದ ಕಾಫಿ ಕುಡಿದುಬಿಟ್ಟಿದ್ದಾರೆ. ಇವತ್ತು ಆಗಲ್ಲ ಅನ್ನಲೇಬೇಕು. ಇವಳು ಮೊದಲು 'ಕೂರ್ಚೋಂಡಮ್ಮಾ' ಅಂತ ಕೂರಿಸಿದಳು. ಚೀಟಿ ತೆಗೆದುಕೊಂಡು ಟೆಕ್ನಿಷಿಯನ್ ಹತ್ತಿರ ಹೋಗಿ, ಬರೆದ ಟೆಸ್ಟುಗಳಲ್ಲಿ ಇವತ್ತು ಯಾವುದು ಆಗುತ್ತದೆ ಅಂತ ಕೇಳಿದಳು. ಥೈರಾಯ್ಡ್ ಆಗುತ್ತದೆ, ಶುಗರ್ ಆಗುವುದಿಲ್ಲ. ವಾಪಸ್ ಬಂದು ಮೊದಲು ಆಗುವುದನ್ನು ಹೇಳಿದಳು, ಆಮೇಲೆ ಆಗದ್ದನ್ನು, ಯಾಕೆ ಆಗಲ್ಲ ಅನ್ನುವುದನ್ನು. ನಾಳೆ ನೀರು ಬಿಟ್ಟು ಏನೂ ಬಾಯಿಗೆ ಹಾಕಬೇಡಿ ಅಂತ ಅಜ್ಜಿಯ ಮಗನಿಗೆ ಫೋನಿನಲ್ಲಿ ತಿಳಿಸಿದಳು.

ಇದು ಲ್ಯಾಬಿನ ಕಥೆ. ಆದರೆ ನನಗೆ ನಮ್ಮ ಕೌಂಟರೇ ಕಣ್ಣಿಗೆ ಬಂತು. ಹೈದರಾಬಾದ್ ಕಡೆಯ ಬಸ್ಸುಗಳು ಬೆಳಿಗ್ಗೆ ಐದೂವರೆ, ಆರಕ್ಕೆ ಬಂದಿಳಿಯುತ್ತವೆ. ನಮ್ಮಲ್ಲಿ ಚೆಕ್‌ಇನ್ ಮಧ್ಯಾಹ್ನ ಹನ್ನೆರಡಕ್ಕೆ. ರಾತ್ರಿ ಹೋಟೆಲ್ ತುಂಬಿದ್ದರೆ ಕೊಡಲು ರೂಮೇ ಇರುವುದಿಲ್ಲ. ಮಗುವನ್ನು ಎತ್ತಿಕೊಂಡು ನಿಂತವರಿಗೆ ಆಗಲ್ಲ ಅನ್ನಬೇಕು. ಆಗ ಮಾಡಬೇಕಾದದ್ದು ಆ ಹುಡುಗಿ ಅಜ್ಜಿಗೆ ಮಾಡಿದ್ದೇ. ಮೊದಲು ಕೂರಿಸುವುದು. ಬೇಗ ಖಾಲಿ ಮಾಡುವವರು ಯಾರಿದ್ದಾರೆ ಅಂತ ಪಟ್ಟಿ ನೋಡುವುದು. ಲಗೇಜ್ ಇಲ್ಲಿಡಬಹುದು, ಮುಖ ತೊಳೆಯಲು ಕೆಳಗೆ ಜಾಗ ಇದೆ, ಏಳೂವರೆಗೆ ಒಂದು ರೂಮ್ ಖಾಲಿಯಾಗುತ್ತದೆ, ಕ್ಲೀನ್ ಮಾಡಲು ಮುಕ್ಕಾಲು ಗಂಟೆ ಬೇಕು, ಬೇಗ ಬಂದದ್ದಕ್ಕೆ ಇಷ್ಟು ಜಾಸ್ತಿ ಆಗುತ್ತದೆ. ಇಷ್ಟನ್ನೂ ಅವರ ಭಾಷೆಯಲ್ಲಿ, ಬಹುವಚನದಲ್ಲಿ ಹೇಳಬೇಕು. ರೂಮ್ ಇದ್ದಾಗ ಯಾರು ಬೇಕಾದರೂ ನಗುತ್ತಾ ಕೀ ಕೊಡುತ್ತಾರೆ. ಅರ್ಜಿಯಲ್ಲಿ ವಿನಯ ತೋರಿಸಬೇಕು ಅಂದರೆ, ಇಲ್ಲ ಅನ್ನಬೇಕಾಗಿ ಬಂದ ಒಂದು ದಿನದ ಬಗ್ಗೆ ಬರೆಯಿರಿ ಅಂತ ನನ್ನನ್ನು ಕೇಳುವವರಿಗೆಲ್ಲ ಹೇಳುತ್ತೇನೆ.

ಪತ್ರದ ಕೊನೆಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರ ಶಿಫ್ಟ್ ವಾರಕ್ಕೆ ಎಷ್ಟು ಮಾಡಬಲ್ಲೆ ಅಂತಲೂ ಬರೆದಿದ್ದಳು. ಅದು ಸಣ್ಣ ಸಾಲು, ಆದರೆ ನಾನು ಹುಡುಕುವ ಸಾಲು.

ಪತ್ರ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಧ್ವನಿ ಕೇಳುವುದಿಲ್ಲ. ಅದಕ್ಕೇ ಈಗ ಇಂಟರ್‌ವ್ಯೂಗೆ ಮೊದಲು ಹೋಟೆಲಿನ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿಸುತ್ತೇನೆ. ತಮಿಳು ಬರುತ್ತದೆ ಅಂತ ಬರೆದಿದ್ದರೆ ನಮ್ಮ ತಮಿಳು ಮಾತಾಡುವ ಕ್ಯಾಷಿಯರ್ ಮಾತಾಡುತ್ತಾರೆ, ಹಿಂದಿಗೆ ನೈಟ್ ಮ್ಯಾನೇಜರ್. ಫೋನಿನಲ್ಲಿ ಕೈಸನ್ನೆ ನಡೆಯಲ್ಲ. ಮುಖ ನೋಡಿ ಊಹೆ ಮಾಡೋಕೂ ಆಗಲ್ಲ. ಹಿಂದಿಯವರಿಗೆ ನಾವು ಕೇಳುವ ಪ್ರಶ್ನೆ ಒಂದೇ: 'ಪೌನೇ ಪಾಂಚ್ ಬಜೇ' ಎಬ್ಬಿಸ್ತೀರಾ? ಆ ಹುಡುಗಿ ಒಂದು ಕ್ಷಣ ಸುಮ್ಮನಿದ್ದು, 'ಚಾರ್ ಪೈಂತಾಲೀಸ್, ಸರ್?' ಅಂತ ತಿರುಗಿ ಕೇಳಿದಳು. ನಾಲ್ಕು ನಲವತ್ತೈದು. ಮುಂದಿನ ಸೋಮವಾರದಿಂದ ಕೆಲಸಕ್ಕೆ ಬಂದಳು.