ರಜೆಯ ಒಂದು ಸಾಲು

ವರ್ಷಕ್ಕೆ 20 ದಿನ ಪರೀಕ್ಷಾ ರಜೆ, ಸೆಮಿಸ್ಟರಿಗೆ ಹತ್ತರಂತೆ ಅಂತ ಕೆಲಸಕ್ಕೆ ಸೇರುವಾಗಲೇ ಒಪ್ಪಂದದಲ್ಲಿ ಬರೆಸಿಕೊಂಡಿದ್ದೆ. ತಪ್ಪಾಗಿದ್ದು, ತಾರೀಖು ಹಾಕಿಸಿದ್ದು. ಕಳೆದ ಸಲ ಪರೀಕ್ಷೆ ಒಂದು ವಾರ ಮುಂದಕ್ಕೆ ಹೋಯಿತು, ರಜೆ ಮಾತ್ರ ಅಲ್ಲೇ ನಿಂತಿತು. ಕೊನೆಯ ಎರಡು ಪೇಪರನ್ನು ರಾತ್ರಿ ಪಾಳಿ ಮುಗಿಸಿಕೊಂಡು ಹೋಗಿ ಬರೆದೆ. ಗೊತ್ತಿದ್ದ ಉತ್ತರವೊಂದನ್ನು ಬರೆಯಲಾಗದೆ ಪುಟ ಖಾಲಿ ಬಿಟ್ಟಿದ್ದು ಇನ್ನೂ ಕಾಡುತ್ತದೆ.

ಇವತ್ತು ಮ್ಯಾನೇಜರ್ ಜೊತೆ ಕೂತು ಆ ಸಾಲು ತಿದ್ದಿಸಿದೆ: ‘ಮೊದಲ ಪೇಪರಿಗೆ ಮೂರು ದಿನ ಮುಂಚಿನಿಂದ ಕೊನೆಯ ಪೇಪರಿನವರೆಗೆ, ಪರೀಕ್ಷೆ ಮುಂದೆ ಹೋದರೆ ರಜೆಯೂ ಮುಂದೆ.’ ಹತ್ತು ದಿನ ಮೀರಿದರೆ ಸಂಬಳ ಇಲ್ಲ. ರಜೆ ಕೇಳುವುದು ದಯೆ ಬೇಡಿದ ಹಾಗೆ ಅಂತ ಇಷ್ಟು ದಿನ ಅನ್ನಿಸುತ್ತಿತ್ತು, ಇವತ್ತು ಅನ್ನಿಸಲಿಲ್ಲ. ವೇಳಾಪಟ್ಟಿ ಬಂದ ಎರಡೇ ದಿನದಲ್ಲಿ ಅದರ ಪ್ರತಿ ಕೊಡುತ್ತೇನೆ ಅಂದೆ. ನನ್ನ ಪಾಳಿಗೆ ಅವರೂ ಇನ್ನೊಬ್ಬರನ್ನು ಹುಡುಕಬೇಕಲ್ಲ.