ಹತ್ತಕ್ಕೆ ಆರು

ನನ್ನ ಪ್ರಾಸ್ಟೇಟ್ ಗ್ರಂಥಿಯ ಬಯಾಪ್ಸಿ ರಿಪೋರ್ಟ್ ತಗೊಂಡು ದಾದರ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ಡೊಂಬಿವಲಿಗೆ ಹೋಗುವ ಎರಡು ಲೋಕಲ್ ಬಿಟ್ಟೆವು. ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಅಂಕಿಯ ಜಾಗದಲ್ಲಿ ‘ಗ್ಲೀಸನ್ 3+3=6’ ಅಂತಿತ್ತು. “ರೀ, ಹತ್ತಕ್ಕೆ ಆರು ಅಂದ್ರೆ ಅರ್ಧಕ್ಕಿಂತ ಜಾಸ್ತಿ ಆಯ್ತಲ್ವಾ?” ಅಂದಳು ಹೆಂಡತಿ. ನನ್ನ ಲೆಕ್ಕವೂ ಅದೇ.

ಮೂರು ತಿಂಗಳಿಂದ ಬರೀ ಅಂಕಿಗಳೇ. ಪ್ರಾಸ್ಟೇಟಿನ ತೊಂದರೆ ಸೂಚಿಸುವ ರಕ್ತಪರೀಕ್ಷೆ ಪಿಎಸ್‌ಎ ಮೊದಲ ಸಲ 11 ಬಂದಿತ್ತು. ಆಗ ನನಗೆ ಉರಿಮೂತ್ರ. ಸೋಂಕಿದ್ದಾಗ ಪಿಎಸ್‌ಎ ಏರುತ್ತದೆ, ವಾಸಿಯಾದ ಮೇಲೆ ಮತ್ತೆ ನೋಡೋಣ ಅಂದಿದ್ದರು ಡಾಕ್ಟರು. ಆರು ವಾರ ಬಿಟ್ಟು 6.8. ಇಳಿಯಿತು, ಆದರೆ ಸಾಲದು. ಎಂಆರ್‌ಐ ಆಯ್ತು, ಬಯಾಪ್ಸಿ ಆಯ್ತು. ತೆಗೆದ 12 ಚೂರುಗಳಲ್ಲಿ 2ರಲ್ಲಿ ಕ್ಯಾನ್ಸರ್.

ಮರುದಿನ ಡಾಕ್ಟರು, ಮೈಕ್ರೋಸ್ಕೋಪಿನಲ್ಲಿ ಕ್ಯಾನ್ಸರ್ ಹೇಗೆ ಕಾಣುತ್ತದೆ ಅಂತ ತೋರಿಸಲು, ರಿಪೋರ್ಟಿನ ಕವರ್ ಮೇಲೆಯೇ ಪೆನ್ನಿನಿಂದ ಬಿಡಿಬಿಡಿಯಾಗಿ ಸಣ್ಣ ಬಳೆಗಳನ್ನು ಬರೆದರು. ಇದು 3. ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಬಳೆಗಳು. ಇದು 4. ನನಗೆ ಉದ್ದಿನ ವಡೆ ನೆನಪಾಯ್ತು. ಬಾಣಲೆಯಲ್ಲಿ ಬಿಡಿಬಿಡಿಯಾಗಿ ತೇಲಿದರೆ 3, ಮುದ್ದೆಯಾದರೆ 4. ಹೆಚ್ಚು ಕಾಣುವ ನಮೂನೆಯ ಅಂಕಿ ಮೊದಲು ಬರುತ್ತದೆ, ಆಮೇಲೆ ಇನ್ನೊಂದರದು. 1 ಮತ್ತು 2 ಅನ್ನು ಈಗ ಬಯಾಪ್ಸಿಯಲ್ಲಿ ಹೆಚ್ಚುಕಡಿಮೆ ಯಾರೂ ಕೊಡುವುದಿಲ್ಲ. ಅಂದರೆ ಎಣಿಕೆ ಶುರುವಾಗುವುದೇ 6ರಿಂದ! ಅದನ್ನು ರಿಪೋರ್ಟಿನಲ್ಲೇ ಒಂದು ಸಾಲು ಬರೆದಿದ್ದರೆ ನಮ್ಮ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಸ್ಲೈಡ್‌ಗಳನ್ನು ಇನ್ನೊಬ್ಬ ಪೆಥಾಲಜಿಸ್ಟರಿಗೂ ತೋರಿಸಿದೆವು. ಅವರೂ 3+3 ಅಂದರು. ನನ್ನ ಗ್ರಂಥಿ 52 ಮಿಲಿ. ಪಿಎಸ್‌ಎಯನ್ನು ಅದರಿಂದ ಭಾಗಿಸಿದರೆ 0.13, ಅಂದರೆ ಡಾಕ್ಟರು ನೋಡುವ ಗಡಿ 0.15ಕ್ಕಿಂತ ಕಡಿಮೆ. ಆಪರೇಷನ್ ಸದ್ಯಕ್ಕೆ ಬೇಡ, ಕಣ್ಣಿಟ್ಟು ನೋಡೋಣ ಅಂದರು ಡಾಕ್ಟರು.

ಮಂಗಳೂರಿನ ಭಾವ ಫೋನಿನಲ್ಲಿ ಕೂಗಾಡಿದರು: “ಕ್ಯಾನ್ಸರ್ ಇಟ್ಕೊಂಡು ಸುಮ್ನೆ ಕೂರ್ತೀಯಾ?” ನಾನು ಬ್ರಿಟನ್ನಿನ ಅಧ್ಯಯನದ ಕತೆ ಹೇಳಿದೆ. ಅಲ್ಲಿ 1,643 ಗಂಡಸರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಬರೀ ನಿಗಾ. 15 ವರ್ಷದ ನಂತರ ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಮೂರರ ಆಸುಪಾಸು. ನಿಗಾದ ಗುಂಪಿನಲ್ಲಿ ರೋಗ ಹರಡಿದ್ದು ಹೆಚ್ಚುಕಡಿಮೆ ಎರಡು ಪಟ್ಟು ಅನ್ನುವುದನ್ನೂ ಮುಚ್ಚಿಡಲಿಲ್ಲ. ಭಾವ ಅದನ್ನೇ ಹಿಡಿದುಕೊಂಡರು.

ನನ್ನನ್ನು ತಡೆದದ್ದು ಬೇರೆ. ಪಕ್ಕದ ಬಿಲ್ಡಿಂಗಿನ ಶೆಟ್ರಿಗೆ 4+3 ಬಂದಿತ್ತು. ಅವರು ಆಪರೇಷನ್ ಮಾಡಿಸಿದರು. ಅವರಿಗೆ ಅದೇ ಸರಿ. ಆದರೆ ಎಂಟು ತಿಂಗಳಾದರೂ ಕೆಮ್ಮಿದರೆ ಮೂತ್ರ ಹನಿಯುತ್ತದೆ, ಪ್ಯಾಡ್ ಬೇಕು. “ಹೆಂಡತಿ ಹತ್ರ ಹೇಳೋಕಾಗದ ತೊಂದರೆ ಇನ್ನೊಂದಿದೆ ಮಾರಾಯ್ರೆ” ಅಂದು ನಕ್ಕಿದ್ದರು.

ಆರು ತಿಂಗಳಿಗೊಮ್ಮೆ ಪಿಎಸ್‌ಎಗೆ ರಕ್ತ ಕೊಡುತ್ತೇನೆ. ವರ್ಷದ ಮೇಲೆ ಎರಡನೇ ಬಯಾಪ್ಸಿಯೂ ಆಯ್ತು, ಮತ್ತೆ 3+3. ಅದರಲ್ಲಿ 4 ಕಂಡಿದ್ದರೆ ಚಿಕಿತ್ಸೆಯ ಮಾತು ಮತ್ತೆ ಎತ್ತಬೇಕಿತ್ತು. ಮುಂದಿನ ತಾರೀಕನ್ನು ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕ, ಬರೆದಿಟ್ಟಿದ್ದಾಳೆ.